ಮತ್ತೊಂದು ಮೆಟ್ಟಿಲು, ಮತ್ತಷ್ಟು ನೀರು

‘ಕೆರೆಗೆ ಹಾರ’ ಎಂಬ ಹಾಡನ್ನು ಶಾಲೆಯಲ್ಲಿ ಓದಿದವರು ಕನ್ನಡ ನಾಡಿನಲ್ಲಿ ಲಕ್ಷಗಟ್ಟಲೆ ಇದ್ದಾರೆ. ನಾನೂ ಅವರಲ್ಲಿ ಒಬ್ಬ. ನಮ್ಮ ಮೇಷ್ಟ್ರು ಅದನ್ನು ವಿವರಿಸಲು ಹೋಗದೆ ಮೊದಲಿನಿಂದ ಕೊನೆಯವರೆಗೆ ಒಂದೇ ಧಾಟಿಯಲ್ಲಿ ಹಾಡಿಬಿಟ್ಟರು. ಶುರುವಿನಲ್ಲಿ ಹಿಂದಿನ ಬೆಂಚಿನವರು ಕಿಸಕ್ಕನೆ ನಗುತ್ತಿದ್ದರು. ಹೇಳಿದ್ದನ್ನೇ ಹೇಳುವ ಹಾಡು, ಮುಂದಿನ ಸಾಲು ಏನೆಂದು ಊಹಿಸುವುದೇ ಒಂದು ಆಟ. ಹುಡುಗರು ಮೇಷ್ಟ್ರಿಗಿಂತ ಮೊದಲೇ ಸಾಲು ಮುಗಿಸುತ್ತಿದ್ದರು. ಆದರೆ ಭಾಗೀರಥಿ ಕೆರೆಯ ಮೆಟ್ಟಿಲು ಹತ್ತತೊಡಗಿದ ಮೇಲೆ ಆ ಆಟ ತಾನಾಗಿಯೇ ನಿಂತಿತು. ಮುಂದಿನ ಸಾಲು ಏನೆಂದು ಆಗಲೂ ಎಲ್ಲರಿಗೂ ಗೊತ್ತಿತ್ತು. ಅದನ್ನು ಬಾಯಿಬಿಟ್ಟು ಹೇಳಲು ಮಾತ್ರ ಯಾರೂ ಮುಂದೆ ಬರಲಿಲ್ಲ.

ಒಂದೇ ಸಾಲು ಮೊದಲು ಆಟವಾಗಿ, ಆಮೇಲೆ ಭಯವಾಗಿ ಹೇಗೆ ಬದಲಾಯಿತು? ಸಾಲಿನಲ್ಲಿ ಬದಲಾದದ್ದು ಒಂದೆರಡು ಪದ ಮಾತ್ರ. ರಾಗ ಬದಲಾಗಲಿಲ್ಲ, ಹಾಡುವವರ ದನಿಯೂ ಏರಲಿಲ್ಲ.

ಬಾಯಿಂದ ಬಾಯಿಗೆ ಬಂದ ಹಾಡಿನಲ್ಲಿ ಪುನರಾವರ್ತನೆ ಬರುವುದಕ್ಕೆ ಮೊದಲ ಕಾರಣ ತೀರ ಸರಳವಾದದ್ದು. ಬೀಸುಕಲ್ಲಿನ ಮುಂದೆ ಕುಳಿತ ಇಬ್ಬರು ಹೆಂಗಸರಲ್ಲಿ ಒಬ್ಬಳು ಎತ್ತಿಕೊಟ್ಟ ಸಾಲನ್ನು ಇನ್ನೊಬ್ಬಳು ಹಿಡಿಯಬೇಕು. ಕೈ ತಿರುಗುತ್ತಿರಬೇಕು, ಉಸಿರು ಸಿಗಬೇಕು, ಮುಂದಿನ ನುಡಿಯನ್ನು ನೆನಪಿಸಿಕೊಳ್ಳಲು ಒಂದಿಷ್ಟು ಬಿಡುವು ಬೇಕು. ಮತ್ತೆ ಮತ್ತೆ ಬರುವ ಸಾಲು ಇದನ್ನೆಲ್ಲ ಒದಗಿಸುತ್ತದೆ. ಕೇಳುವವರಿಗೆ ಅದರಿಂದ ಇನ್ನೊಂದು ಸುಖವೂ ಉಂಟು. ಮುಂದೆ ಏನು ಬರುತ್ತದೆಂದು ಗೊತ್ತಿದ್ದು, ಅದೇ ಬಂದಾಗ ಮನಸ್ಸಿಗೆ ಒಂದು ನೆಮ್ಮದಿ. ತೊಟ್ಟಿಲ ಮಗು ಒಂದೇ ಜೋಗುಳದ ಸಾಲನ್ನು ಎಷ್ಟು ಸಲ ಕೇಳಿದರೂ ಬೇಸರಪಡದಿರುವುದು ಇದೇ ಕಾರಣಕ್ಕೆ. ಸಾಲು ತಪ್ಪದೆ ತಿರುಗಿ ಬರುತ್ತಿದೆ ಎಂದರೆ ಅಮ್ಮ ಇನ್ನೂ ಅಲ್ಲೇ ಇದ್ದಾಳೆ ಎಂದು ಅರ್ಥ.

ತಪ್ಪದೆ ಬರುತ್ತದೆ ಎಂಬುದೇ ನೆಮ್ಮದಿಯ ಮೂಲ. ಹೆದರಿಕೆಯ ಮೂಲವೂ ಅದೇ. ಬರುವುದು ಒಳ್ಳೆಯದಾದರೆ ತಪ್ಪದೆ ಬರುವುದು ಭರವಸೆ. ಬರುವುದು ಕೇಡಾದರೆ ತಪ್ಪದೆ ಬರುವುದಕ್ಕಿಂತ ಭಯಂಕರ ಬೇರೆ ಇಲ್ಲ. ಒಳ್ಳೆಯ ಕಥನಗೀತೆ ಮೊದಲು ನಮ್ಮನ್ನು ಆ ಭರವಸೆಗೆ ಒಗ್ಗಿಸುತ್ತದೆ. ಆಮೇಲೆ ಬರುವುದರ ಗುಣವನ್ನಷ್ಟೇ ಬದಲಿಸುತ್ತದೆ. ‘ಕೆರೆಗೆ ಹಾರ’ ಇದನ್ನು ಹೇಗೆ ಮಾಡುತ್ತದೆಂದು ಸ್ವಲ್ಪ ನಿಧಾನವಾಗಿ ನೋಡೋಣ. ಉತ್ತರ ಕರ್ನಾಟಕದ ಹೆಣ್ಣುಮಕ್ಕಳ ಬಾಯಿಂದ ಬಂದ ಈ ಹಾಡಿಗೆ ಪಾಠಭೇದಗಳಿವೆ. ಹೆಚ್ಚು ಪರಿಚಿತವಾದ ಪಾಠದ ಕಥೆಯನ್ನೇ ಇಲ್ಲಿ ಹಿಡಿದಿದ್ದೇನೆ.

ಕಲ್ಲನಕೇರಿಯ ಮಲ್ಲನಗೌಡ ಕೆರೆ ಕಟ್ಟಿಸಿದ. ಕೆರೆಗೆ ಬೊಗಸೆ ನೀರೂ ಬರಲಿಲ್ಲ. ಪಂಚಾಂಗ ತೆಗೆಸಿ ಕೇಳಿದರೆ ಮನೆಯ ಸೊಸೆಯನ್ನು ಹಾರ ಕೊಡಬೇಕು ಎಂದು ಬಂತು. ಹಾರವೆಂದರೆ ಕೊರಳಿಗೆ ಹಾಕುವ ಹಾರವೂ ಹೌದು, ಕೆರೆಗೆ ಆಹಾರವೂ ಹೌದು. ಎರಡೂ ಅರ್ಥ ಒಟ್ಟಿಗೆ ಕೇಳುವಂತೆ ಆ ಮಾತು ನಿಂತಿದೆ. ಹಿರಿಯ ಸೊಸೆಯನ್ನು ಕೊಟ್ಟರೆ ಮನೆಯ ಹಿರಿತನಕ್ಕೆ ಯಾರೂ ಇಲ್ಲ. ಹಾಗಾಗಿ ಕಿರಿಯ ಸೊಸೆ ಭಾಗೀರಥಿಯ ಹೆಸರು ನಿಂತಿತು. ಗಂಡ ಮಾದೇವರಾಯ ದೂರದ ದಂಡಿನಲ್ಲಿದ್ದಾನೆ. ಭಾಗೀರಥಿಗೆ ಈ ಮಾತು ತಿಳಿಯಿತು. ಅವಳು ತವರಿಗೆ ಹೋದಳು.

ತವರಿನಲ್ಲಿ ಮೊದಲ ಪುನರಾವರ್ತನೆ ಶುರುವಾಗುತ್ತದೆ. ಎಂದೂ ಬಾರದ ಮಗಳು ಇಂದೇಕೆ ಬಂದೆ, ಕಣ್ಣಲ್ಲಿ ನೀರೇಕೆ ಎಂದು ಅಪ್ಪ ಕೇಳುತ್ತಾನೆ. ಅವಳು ನಿಜ ಹೇಳುವುದಿಲ್ಲ. ಅತ್ತೆ ಮಾವ ಬೇರೆ ಇಡುತ್ತಾರಂತೆ ಎನ್ನುತ್ತಾಳೆ. ಇಟ್ಟರೆ ಇಡಲಿ, ಹೊಲ ಮನೆ ನಾನು ಕೊಡುತ್ತೇನೆ ಎನ್ನುತ್ತಾನೆ ಅಪ್ಪ. ನಿನ್ನ ಹೊಲ ಮನೆಗೆ ಬೆಂಕಿ ಹಚ್ಚು ಎಂದು ಅವಳು ಮುಂದೆ ಸರಿಯುತ್ತಾಳೆ. ತಾಯಿ ಅದೇ ಪ್ರಶ್ನೆ ಕೇಳುತ್ತಾಳೆ, ಭಾಗೀರಥಿ ಅದೇ ಸುಳ್ಳು ಹೇಳುತ್ತಾಳೆ. ತಾಯಿ ಕಿವಿಯ ಓಲೆ ಕೊಡುತ್ತೇನೆ ಎನ್ನುತ್ತಾಳೆ, ಅದೂ ಒಲೆಯ ಪಾಲು. ಅಕ್ಕನದೂ ಅದೇ ಪ್ರಶ್ನೆ, ಅದೇ ಉತ್ತರ. ಅವಳು ತನ್ನ ಮಕ್ಕಳನ್ನೇ ಕೊಡುತ್ತೇನೆ ಎನ್ನುತ್ತಾಳೆ. ಅದೂ ಬೇಡ.

ಇಲ್ಲಿ ಮರಳಿ ಮರಳಿ ಬರುತ್ತಿರುವುದು ಸಮಾಧಾನದ ಮಾತು. ಮೂವರೂ ಪ್ರೀತಿಯವರು, ಮೂವರೂ ತಮ್ಮಲ್ಲಿ ಇದ್ದುದನ್ನು ಕೊಡಲು ಸಿದ್ಧ. ಕೊಡುಗೆಯೂ ಒಂದಕ್ಕಿಂತ ಒಂದು ಹೆಚ್ಚಿನದು: ಆಸ್ತಿ, ಆಮೇಲೆ ಮೈಮೇಲಿನ ಒಡವೆ, ಆಮೇಲೆ ಹೊಟ್ಟೆಯಲ್ಲಿ ಹುಟ್ಟಿದ ಮಕ್ಕಳು. ಸಮಾಧಾನ ಹೀಗೆ ಏರುತ್ತ ಹೋದಂತೆ ಅದರ ಕೈಲಾಗದತನವೂ ಏರುತ್ತದೆ. ಅವರಿಗೆ ತಿಳಿಯದ್ದು ಕೇಳುಗರಾದ ನಮಗೆ ತಿಳಿದಿದೆ. ಒಮ್ಮೆ ಕೇಳಿದಾಗ ಬೆಚ್ಚಗಿದ್ದ ಮಾತು ಮೂರನೆಯ ಸಲ ಕೇಳುವ ಹೊತ್ತಿಗೆ ತಣ್ಣಗಾಗಿರುತ್ತದೆ. ಅವರ ಪ್ರೀತಿ ಕಡಿಮೆಯಾಗಿಲ್ಲ. ಆ ಪ್ರೀತಿ ತಲುಪಲಾರದಷ್ಟು ದೂರಕ್ಕೆ ಭಾಗೀರಥಿ ಹೋಗಿಬಿಟ್ಟಿದ್ದಾಳೆ.

ನಾಲ್ಕನೆಯವಳು ಗೆಳತಿ. ಪ್ರಶ್ನೆ ಅದೇ, ಉತ್ತರ ಮಾತ್ರ ಬೇರೆ. ಭಾಗೀರಥಿ ಮೊದಲ ಸಲ ನಿಜ ಹೇಳುತ್ತಾಳೆ: ನನ್ನನ್ನು ಕೆರೆಗೆ ಹಾರ ಕೊಡುತ್ತಾರಂತೆ. ಗೆಳತಿ ಏನು ಹೇಳಬಹುದು? ಕೊಟ್ಟರೆ ಕೊಡಲಿ, ಅವರು ಇಟ್ಟ ಹಾಗೆ ಇರಬೇಕು ಎನ್ನುತ್ತಾಳೆ. ಅಪ್ಪ ಹೇಳಿದ ‘ಇಟ್ಟರೆ ಇಡಲಿ’ ಎಂಬ ಅಚ್ಚಿನಲ್ಲೇ ಎರಕ ಹೊಯ್ದ ಮಾತಿದು. ಅಪ್ಪನ ಬಾಯಲ್ಲಿ ಅದು ಧೈರ್ಯದ ಮಾತಾಗಿತ್ತು, ಅದರ ಹಿಂದೆಯೇ ಹೊಲ ಮನೆಯ ಭರವಸೆ ಬರುತ್ತಿತ್ತು. ಗೆಳತಿಯ ಬಾಯಲ್ಲಿ ಅದರ ಹಿಂದೆ ಏನೂ ಇಲ್ಲ. ನಮ್ಮ ಮೇಷ್ಟ್ರು ಇಲ್ಲಿ ಒಂದು ಗಳಿಗೆ ನಿಲ್ಲಿಸಿದ್ದು ನೆನಪಿದೆ. ಗೆಳತಿ ಕಟುಕಳಲ್ಲ ಎಂದಷ್ಟೇ ಹೇಳಿ ಮುಂದುವರಿದರು. ನನಗೂ ಹಾಗೇ ಅನ್ನಿಸುತ್ತದೆ. ಆ ಊರಿನ ಸೊಸೆಯಂದಿರಿಗೆಲ್ಲ ತಿಳಿದಿದ್ದ ಕಾನೂನನ್ನು ಅವಳು ಹೇಳಿದಳು, ಅಷ್ಟೆ.

ಭಾಗೀರಥಿ ಮರಳಿ ಬಂದಳು. ಮನೆಯವರೆಲ್ಲ ಮಿಂದು, ಅಡಿಗೆ ಕಟ್ಟಿಕೊಂಡು ಕೆರೆಗೆ ಹೋಗಿ ಪೂಜೆ ಮಾಡಿದರು, ಉಂಡರು, ಹೊರಟರು. ಸ್ವಲ್ಪ ದೂರ ಬಂದ ಮೇಲೆ ಬಂಗಾರದ ಬಟ್ಟಲು ಅಲ್ಲೇ ಉಳಿಯಿತು ಎಂಬ ಮಾತು ಬಂತು. ತರುವವರು ಯಾರು? ಒಬ್ಬಳಿಗೆ ಹೇಳಿದರೆ ಅವಳು ಇನ್ನೊಬ್ಬಳತ್ತ ತೋರಿಸುತ್ತಾಳೆ, ಅವಳು ಮತ್ತೊಬ್ಬಳತ್ತ. ಬಟ್ಟಲು ತರುವ ಮಾತು ಹೀಗೆ ಕೈಯಿಂದ ಕೈಗೆ ದಾಟುತ್ತ ಕಿರಿಯವಳ ಹತ್ತಿರ ಬಂದು ನಿಲ್ಲುತ್ತದೆ. ಯಾವ ಕೂಡು ಕುಟುಂಬದಲ್ಲಾದರೂ ದಿನಕ್ಕೆ ಹತ್ತು ಸಲ ನಡೆಯುವ ಸಂಗತಿ ಇದು. ಸಣ್ಣಪುಟ್ಟ ಕೆಲಸವೆಲ್ಲ ಕೊನೆಗೆ ಕಿರಿಸೊಸೆಯ ಪಾಲಿಗೆ ಬರುವುದನ್ನು ಕಂಡು ನಗುವವರೂ ಇದ್ದಾರೆ. ಇಲ್ಲಿ ನಗು ಬರುವುದಿಲ್ಲ. ಯಾರನ್ನು ಕೊಡಬೇಕೆಂದು ಪಂಚಾಂಗದ ಮುಂದೆ ಆದ ಆಯ್ಕೆಯೇ ಮತ್ತೊಮ್ಮೆ, ಮನೆಗೆಲಸದ ವೇಷದಲ್ಲಿ ನಡೆಯುತ್ತಿದೆ.

ಇನ್ನು ಮೆಟ್ಟಿಲುಗಳು. ಭಾಗೀರಥಿ ಕೆಳಗಿಳಿದು ಬಟ್ಟಲು ಹಿಡಿದು ಮೇಲೆ ಹತ್ತುತ್ತಾಳೆ. ಒಂದು ಮೆಟ್ಟಿಲು ಹತ್ತುವಷ್ಟರಲ್ಲಿ ಪಾದ ಮುಳುಗುವಷ್ಟು ನೀರು. ಎರಡನೆಯ ಮೆಟ್ಟಿಲಿಗೆ ಕಾಲು ಮುಳುಗುವಷ್ಟು. ಮೂರನೆಯದಕ್ಕೆ ನಡುಮಟ್ಟ. ನಾಲ್ಕನೆಯದಕ್ಕೆ ಎದೆಮಟ್ಟ. ಐದನೆಯದಕ್ಕೆ ಅವಳು ಇಲ್ಲ, ಕೆರೆ ತುಂಬಿದೆ.

ಇಡೀ ಹಾಡಿನ ಕಸುವು ಇಲ್ಲಿದೆ. ಪ್ರತಿ ನುಡಿಯಲ್ಲೂ ಬದಲಾಗುವುದು ಎರಡೇ ಮಾತು, ಮೆಟ್ಟಿಲಿನ ಎಣಿಕೆ ಮತ್ತು ನೀರಿನ ಅಳತೆ. ಉಳಿದದ್ದೆಲ್ಲ ಅದೇ. ಈ ಎರಡು ಮಾತುಗಳನ್ನು ಹೇಗೆ ಆರಿಸಿದ್ದಾರೆಂದು ಗಮನಿಸಿ. ನೀರನ್ನು ಮೊಳದಲ್ಲೋ ಆಳಿನಲ್ಲೋ ಅಳೆದಿಲ್ಲ, ಅವಳ ಮೈಯಲ್ಲೇ ಅಳೆದಿದ್ದಾರೆ. ಮೈ ಎಲ್ಲಿಗೆ ಮುಗಿಯುತ್ತದೆಂದು ಕೇಳುವ ಎಲ್ಲರಿಗೂ ಗೊತ್ತು. ಪಾದದ ನಂತರ ಕಾಲು ಬಂದೊಡನೆ ಉಳಿದ ಲೆಕ್ಕವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಹಾಡಿನಲ್ಲಿ ಇನ್ನೆಷ್ಟು ನುಡಿ ಉಳಿದಿದೆ ಎಂಬುದನ್ನು ಕೇಳುಗ ತನ್ನ ಮೈಯನ್ನೇ ನೋಡಿಕೊಂಡು ಹೇಳಬಲ್ಲ.

ಇನ್ನೊಂದು ಸಂಗತಿ ಬಹಳ ಜನರ ಗಮನಕ್ಕೆ ಬರುವುದಿಲ್ಲ. ಅವಳು ಇಳಿಯುತ್ತಿಲ್ಲ, ಹತ್ತುತ್ತಿದ್ದಾಳೆ. ಇಳಿಯುವವಳು ಮುಳುಗಿದರೆ ಅದು ನೀರಿನ ಸಹಜ ಗುಣ. ಇವಳು ಬದುಕಬೇಕಾದರೆ ಏನು ಮಾಡಬೇಕೋ ಅದನ್ನೇ ಮಾಡುತ್ತಿದ್ದಾಳೆ. ಪ್ರತಿ ನುಡಿಯ ಮೊದಲರ್ಧದಲ್ಲಿ ಒಂದು ಹೆಜ್ಜೆ ದಡದ ಕಡೆಗೆ. ಎರಡನೆಯ ಅರ್ಧದಲ್ಲಿ ನೀರು ಅದಕ್ಕಿಂತ ಹೆಚ್ಚು ಏರಿರುತ್ತದೆ. ಆಸೆ ಮತ್ತು ಅದರ ಸೋಲು ಒಂದೇ ಉಸಿರಿನಲ್ಲಿ ಐದು ಸಲ ಬರುತ್ತವೆ. ಹತ್ತುವ ಮಾತು ಬಂದಾಗಲೆಲ್ಲ ನಾವು ಹಗುರಾಗಬೇಕು. ಹಾಗಾಗುವುದಿಲ್ಲ. ಮೂರನೆಯ ಮೆಟ್ಟಿಲಿನ ಹೊತ್ತಿಗೆ ಅವಳು ಹತ್ತದೆ ಅಲ್ಲೇ ನಿಂತಿದ್ದರೆ ಚೆನ್ನಾಗಿತ್ತೇನೋ ಎಂದು ಹುಚ್ಚು ಹುಚ್ಚಾಗಿ ಅನ್ನಿಸತೊಡಗುತ್ತದೆ.

ಇದಕ್ಕಿಂತ ಕ್ರೂರವಾದದ್ದು ಇನ್ನೊಂದಿದೆ. ನೀರು ಬಂತು ಎಂಬುದು ಆ ಊರು ಕಾದು ಕುಳಿತಿದ್ದ ಸುದ್ದಿ. ಹಾಡಿನ ಆರಂಭದಲ್ಲಿ ಬೊಗಸೆ ನೀರಿಗಾಗಿ ಬಾಯಾರಿದ್ದ ಕೆರೆ ಅದು. ಮಳೆಗಾಲ ಕೈಕೊಟ್ಟ ಬಯಲು ಸೀಮೆಯಲ್ಲಿ ಈ ಹಾಡನ್ನು ಹಾಡಿದ, ಕೇಳಿದ ಹೆಂಗಸರಿಗೆ ಕೆರೆಗೆ ನೀರು ಬಂತು ಎಂಬ ಮಾತಿಗಿಂತ ಮಂಗಳಕರವಾದ ಮಾತು ಯಾವುದಿದ್ದೀತು? ಮೆಟ್ಟಿಲುಗಳ ಮೇಲೆ ಮತ್ತೆ ಮತ್ತೆ ಬರುವುದು ಅದೇ ಮಾತು. ಊರಿನ ಕಿವಿಗೆ ಅದು ಹರಕೆ ಫಲಿಸಿದ ಸುದ್ದಿ, ಭಾಗೀರಥಿಯ ಕಿವಿಗೆ ಅದು ಸಾವು. ಹಾಡು ಯಾರ ಕಿವಿಯಿಂದ ಕೇಳಿ ಎಂದು ನಮಗೆ ಹೇಳುವುದಿಲ್ಲ. ಎರಡೂ ಕಿವಿಗಳನ್ನು ಒಟ್ಟಿಗೆ ಕೊಟ್ಟುಬಿಡುತ್ತದೆ. ಆ ಕೆರೆಯ ನೀರು ಕುಡಿಯುವವರು ನಾವೂ ಆಗಿರಬಹುದಲ್ಲ ಎಂಬ ಕಸಿವಿಸಿ ಹುಟ್ಟುವುದು ಅಲ್ಲಿಂದಲೇ.

ಈ ಬಗೆಯ ಪುನರಾವರ್ತನೆಗೆ ವಿದ್ವಾಂಸರು ಹೆಸರಿಟ್ಟದ್ದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ. ಅಮೆರಿಕದ ಫ್ರಾನ್ಸಿಸ್ ಗಮ್ಮಿಯರ್ ಎಂಬ ಪ್ರಾಧ್ಯಾಪಕರು 1907ರಲ್ಲಿ ಪ್ರಕಟಿಸಿದ ಜನಪದ ಕಥನಗೀತೆಗಳ ಮೇಲಿನ ಪುಸ್ತಕದಲ್ಲಿ ಇದನ್ನು ‘ಬೆಳೆಯುತ್ತ ಹೋಗುವ ಪುನರಾವರ್ತನೆ’ ಎಂಬ ಅರ್ಥದ ಹೆಸರಿನಿಂದ ಕರೆದರು. ನುಡಿ ಹಿಂದಿನ ನುಡಿಯಂತೆಯೇ ಬರುತ್ತದೆ, ಒಂದೆರಡು ಪದ ಬದಲಾಗುತ್ತವೆ, ಆ ಬದಲಾವಣೆಯಷ್ಟೇ ಕಥೆಯನ್ನು ಮುಂದಕ್ಕೆ ನೂಕುತ್ತದೆ. ಅವರ ಮುಂದೆ ಇದ್ದದ್ದು ಅವರ ಗುರುಗಳಾದ ಫ್ರಾನ್ಸಿಸ್ ಜೇಮ್ಸ್ ಚೈಲ್ಡ್ ಅವರ ದೊಡ್ಡ ಸಂಗ್ರಹ. ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡಿನ 305 ಕಥನಗೀತೆಗಳನ್ನು ಅವುಗಳ ಪಾಠಭೇದಗಳೊಡನೆ ಚೈಲ್ಡ್ ಒಟ್ಟುಮಾಡಿದ್ದರು. 1882ರಿಂದ 1898ರವರೆಗೆ ಅದು ಕಂತುಕಂತಾಗಿ ಹೊರಬಂತು. ಕೊನೆಯ ಕಂತು ಬರುವಾಗ ಅವರು ಬದುಕಿರಲಿಲ್ಲ.

ಆ ಸಂಗ್ರಹದ 12ನೆಯ ಗೀತೆಯ ಹೆಸರು ‘ಲಾರ್ಡ್ ರ‍್ಯಾಂಡಲ್’. ನೆಮ್ಮದಿಯ ಸಾಲು ಭಯದ ಸಾಲಾಗುವುದಕ್ಕೆ ಇದಕ್ಕಿಂತ ಚಿಕ್ಕ, ಚೊಕ್ಕ ಉದಾಹರಣೆ ಸಿಗಲಿಕ್ಕಿಲ್ಲ. ಕಾಡಿನಿಂದ ಮನೆಗೆ ಬಂದ ಮಗನನ್ನು ತಾಯಿ ಪ್ರಶ್ನಿಸುತ್ತಾಳೆ. ಎಲ್ಲಿಗೆ ಹೋಗಿದ್ದೆ, ಯಾರು ಸಿಕ್ಕರು, ಏನು ಉಂಡೆ? ಪ್ರತಿ ಉತ್ತರದ ಕೊನೆಗೂ ಮಗ ಒಂದೇ ಮಾತು ಹೇಳುತ್ತಾನೆ: ಬೇಟೆಯಾಡಿ ದಣಿದಿದ್ದೇನೆ, ಬೇಗ ಹಾಸಿಗೆ ಹಾಸಿಕೊಡು, ಮಲಗಬೇಕು. ಮೊದಲ ನುಡಿಯಲ್ಲಿ ಇದು ಮನೆಮನೆಯ ಮಾತು. ಹೊರಗಿನಿಂದ ಬಂದ ಮಗ ತಾಯಿಯ ಬಳಿ ಕೇಳುವುದು ಇನ್ನೇನನ್ನು? ಆದರೆ ಪ್ರೇಯಸಿಯನ್ನು ಕಂಡೆ ಎನ್ನುತ್ತಾನೆ, ಅವಳು ಹುರಿದ ಹಾವುಮೀನು ಬಡಿಸಿದಳು ಎನ್ನುತ್ತಾನೆ, ಮಿಕ್ಕಿದ್ದನ್ನು ತಿಂದ ನಾಯಿಗಳು ಊದಿಕೊಂಡು ಸತ್ತವು ಎನ್ನುತ್ತಾನೆ. ಆಮೇಲೂ ಅದೇ ಸಾಲು, ಅದೇ ಹಾಸಿಗೆ. ನಾಯಿಗಳ ಮಾತು ಬಂದ ಮೇಲೆ ಆ ಹಾಸಿಗೆ ಯಾವುದೆಂದು ತಾಯಿಗೂ ಗೊತ್ತಾಗುತ್ತದೆ. ನಿನಗೆ ವಿಷ ಹಾಕಿದ್ದಾರೆ ಎಂದು ಅವಳು ಬಾಯಿಬಿಟ್ಟು ಹೇಳಿದ ನಂತರ ಮಾತ್ರ ಮಗನ ಸಾಲಿನಲ್ಲಿ ಒಂದು ತುಣುಕು ಬದಲಾಗುತ್ತದೆ. ಬೇಟೆಯ ದಣಿವು ಹೋಗಿ ಎದೆಯ ಬೇನೆ ಬರುತ್ತದೆ. ಹಾಸಿಗೆಯ ಮಾತು ಮಾತ್ರ ಹಾಗೇ ಉಳಿಯುತ್ತದೆ.

ಗುಟ್ಟು ಇರುವುದು ಆ ತಡದಲ್ಲಿ. ಅರ್ಥ ಬದಲಾಗಿ ಎಷ್ಟೋ ಹೊತ್ತಾದ ಮೇಲೆ ಪದ ಬದಲಾಗುತ್ತದೆ. ನಡುವಿನ ನುಡಿಗಳಲ್ಲಿ ಹಳೆಯ ಪದಗಳು ಹೊಸ ಅರ್ಥವನ್ನು ಹೊತ್ತು ನಿಂತಿರುತ್ತವೆ. ಕೇಳುಗನ ಮೈ ಜುಮ್ಮೆನ್ನುವುದು ಆಗ. ಮಗನಿಗೆ ಮೊದಲಿನಿಂದಲೂ ಗೊತ್ತಿತ್ತೆ, ಅಥವಾ ನಿಜವಾಗಿಯೂ ದಣಿವೆಂದೇ ತಿಳಿದಿದ್ದನೆ? ಗೀತೆ ಹೇಳುವುದಿಲ್ಲ. ಗೊತ್ತಿತ್ತು ಎಂದುಕೊಂಡು ಮತ್ತೊಮ್ಮೆ ಮೊದಲಿನಿಂದ ಓದಿದರೆ ಮೊದಲ ನುಡಿಯ ಹಾಸಿಗೆಯೂ ಭಯಂಕರವಾಗಿ ಕಾಣುತ್ತದೆ. ಭಾಗೀರಥಿಯ ವಿಷಯದಲ್ಲಿ ಇಂಥ ಅನುಮಾನಕ್ಕೆ ಎಡೆಯಿಲ್ಲ. ಅವಳಿಗೆ ಎಲ್ಲ ಗೊತ್ತಿದೆ, ಗೊತ್ತಿದ್ದೇ ಬಟ್ಟಲು ತರಲು ಹೋಗುತ್ತಾಳೆ. ಸ್ಕಾಟ್ಲೆಂಡಿನ ಹಾಡು ಒಗಟಿನಂತೆ ಬಿಚ್ಚಿಕೊಂಡರೆ ನಮ್ಮ ಹಾಡು ಬಲೆಯಂತೆ ಮುಚ್ಚಿಕೊಳ್ಳುತ್ತದೆ.

ಭಾಗೀರಥಿಗೆ ಇನ್ನೂ ಹತ್ತಿರದ ಬಂಧುವೊಬ್ಬಳು ರುಮೇನಿಯಾದಲ್ಲಿದ್ದಾಳೆ. ಅಲ್ಲಿನ ಕವಿ ವಾಸಿಲೆ ಅಲೆಕ್ಸಾಂದ್ರಿ 1850ರ ದಶಕದ ಆರಂಭದಲ್ಲಿ ಅಚ್ಚುಹಾಕಿಸಿದ ಜನಪದ ಗೀತೆಯೊಂದರಲ್ಲಿ ಮನೋಲೆ ಎಂಬ ಮೇಸ್ತ್ರಿ ಒಂದು ಮಠ ಕಟ್ಟುತ್ತಿದ್ದಾನೆ. ಹಗಲು ಕಟ್ಟಿದ್ದು ರಾತ್ರಿ ಬೀಳುತ್ತದೆ. ನಾಳೆ ಬುತ್ತಿ ತರಲು ಯಾವ ಹೆಣ್ಣು ಮೊದಲು ಬರುತ್ತಾಳೋ ಅವಳನ್ನು ಗೋಡೆಯಲ್ಲಿ ಇಟ್ಟು ಕಟ್ಟಬೇಕೆಂದು ಅವನಿಗೆ ಕನಸಾಗುತ್ತದೆ. ಬರುವವಳು ಅವನ ಹೆಂಡತಿಯೇ. ಸುಮ್ಮನೆ ತಮಾಷೆಗೆ ನಿನ್ನ ಸುತ್ತ ಗೋಡೆ ಕಟ್ಟುತ್ತೇವೆ ಎನ್ನುತ್ತಾನೆ, ಅವಳು ನಂಬಿ ನಗುತ್ತ ನಿಲ್ಲುತ್ತಾಳೆ. ಗೋಡೆ ಹರಡಿಗೆ, ಮೀನಖಂಡಕ್ಕೆ, ಪಕ್ಕೆಲುಬಿಗೆ ಏರಿ ಕೊನೆಗೆ ಕಣ್ಣಿನವರೆಗೆ ಬರುತ್ತದೆ. ಅಲ್ಲಿಯೂ ಅಳತೆ ಹೆಣ್ಣಿನ ಮೈಯದೇ. ನಮ್ಮ ಹಾಡಿನ ನೀರಿನ ಜಾಗದಲ್ಲಿ ಅಲ್ಲಿ ಕಲ್ಲು. ಒಂದು ವ್ಯತ್ಯಾಸ ಮಾತ್ರ ಎದ್ದು ಕಾಣುತ್ತದೆ. ಮನೋಲೆಯ ಹೆಂಡತಿ ಗಂಡನನ್ನು ಹೆಸರು ಹಿಡಿದು ಕೂಗುತ್ತಾಳೆ, ಗೋಡೆ ಒತ್ತುತ್ತಿದೆ ಎಂದು ಮತ್ತೆ ಮತ್ತೆ ಅಂಗಲಾಚುತ್ತಾಳೆ. ಭಾಗೀರಥಿ ಮೆಟ್ಟಿಲ ಮೇಲೆ ಬಾಯೇ ತೆರೆಯುವುದಿಲ್ಲ. ಅವಳ ಮಾತೆಲ್ಲ ತವರಿನಲ್ಲೇ ಮುಗಿದುಹೋಗಿದೆ. ಕಟ್ಟಡಕ್ಕಾಗಿ ಹೆಣ್ಣನ್ನು ಬಲಿಕೊಡುವ ಕಥೆ ಬಾಲ್ಕನ್ ನಾಡುಗಳಿಂದ ಭಾರತದವರೆಗೆ ಹರಡಿರುವುದನ್ನು ವಿದ್ವಾಂಸರು ಚರ್ಚಿಸುತ್ತಲೇ ಬಂದಿದ್ದಾರೆ. ಅಲನ್ ಡಂಡಿಸ್ 1996ರಲ್ಲಿ ಆ ಲೇಖನಗಳನ್ನು ಒಂದು ಪುಸ್ತಕವಾಗಿ ತಂದರು.

ಹಾಡುವವರು ತಿಳಿದು ಮಾಡಿದರೋ ತಿಳಿಯದೆ ಮಾಡಿದರೋ ಎಂಬ ಪ್ರಶ್ನೆ ಯಾರಿಗಾದರೂ ಬರಬಹುದು. ತಿಳಿದೇ ಮಾಡಿದೆನೆಂದು ಸಾರಿದ ಕವಿಯೊಬ್ಬನಿದ್ದಾನೆ. ಎಡ್ಗರ್ ಅಲನ್ ಪೋ 1845ರಲ್ಲಿ ಪ್ರಕಟಿಸಿದ ‘ದಿ ರೇವನ್’ ಕವನದಲ್ಲಿ ಒಂದು ಕಾಗೆಜಾತಿಯ ಹಕ್ಕಿ ಎಲ್ಲ ಪ್ರಶ್ನೆಗೂ ಒಂದೇ ಪದದ ಉತ್ತರ ಕೊಡುತ್ತದೆ. ಮರುವರ್ಷ ಬರೆದ ಲೇಖನದಲ್ಲಿ ಪೋ ತನ್ನ ಲೆಕ್ಕಾಚಾರವನ್ನು ಬಿಚ್ಚಿಟ್ಟ. ಪಲ್ಲವಿಯ ನಾದ ಬದಲಾಗಬಾರದು, ಅದರ ಅನ್ವಯ ಮಾತ್ರ ಪ್ರತಿ ಸಲ ಬೇರೆಯಾಗಬೇಕು. ಮೊದಲ ಪ್ರಶ್ನೆ ಸಾಮಾನ್ಯದ್ದಾಗಿರಬೇಕು, ಎರಡನೆಯದು ಅಷ್ಟು ಸಾಮಾನ್ಯವಲ್ಲದ್ದು. ಕೊನೆಕೊನೆಗೆ ಪ್ರೇಮಿ ಉತ್ತರ ಏನು ಬರುತ್ತದೆಂದು ತಿಳಿದೂ, ಆ ಉತ್ತರ ತನ್ನನ್ನು ಸೀಳಲೆಂದೇ ಪ್ರಶ್ನೆ ಕೇಳಬೇಕು. ಕವನ ಬರೆದಾದ ಮೇಲೆ ಕಟ್ಟಿದ ವಿವರಣೆ ಇದು ಎಂದು ಅನುಮಾನಪಟ್ಟವರು ಬಹಳ, ನಾನೂ ಅದನ್ನು ಪೂರ್ತಿ ನಂಬುವುದಿಲ್ಲ. ಆದರೆ ಕೊನೆಯ ಮಾತು ನಿಜ. ನಮ್ಮ ತರಗತಿಯ ಹುಡುಗರೂ ಅಷ್ಟೆ, ಕಿವಿ ಮುಚ್ಚಿಕೊಳ್ಳಲಿಲ್ಲ. ನಾಲ್ಕನೆಯ ಮೆಟ್ಟಿಲು ಬೇಡವೆನ್ನಿಸುತ್ತಿದ್ದರೂ ಅದಕ್ಕಾಗಿ ಕಾದಿದ್ದರು.

ಇಂಥ ಹಾಡು ಕೆಡುವುದು ಹೇಗೆ? ಕೆಡಿಸುವ ದಾರಿ ಬಲು ಸುಲಭ, ಪುನರಾವರ್ತನೆಯನ್ನು ಕತ್ತರಿಸಿದರೆ ಸಾಕು. ಅಚ್ಚಿನಲ್ಲಿ ಜಾಗ ಉಳಿಸಲು ‘ಹಿಂದಿನಂತೆಯೇ’ ಎಂದು ಚುಕ್ಕಿ ಹಾಕಿಬಿಡುವ ರೂಢಿ ಇದೆ. ವೇದಿಕೆಯ ಮೇಲೆ ಹೊತ್ತಾಯಿತೆಂದು ಎರಡು ಮೆಟ್ಟಿಲು ಹಾರಿಸುವವರಿದ್ದಾರೆ. ಪಾದದಿಂದ ನೇರ ಎದೆಮಟ್ಟಕ್ಕೆ ನೀರು ಬಂದರೆ ಅದು ಅಪಘಾತದ ವರದಿ. ಕೇಳುಗನಿಗೆ ಲೆಕ್ಕ ಹಿಡಿಯಲು ಅವಕಾಶವೇ ಸಿಗುವುದಿಲ್ಲ. ಅನುವಾದಕರದು ಬೇರೆ ಬಗೆಯ ತಪ್ಪು. ಒಂದೇ ಪದ ಪದೇ ಪದೇ ಬರುವುದು ಬರವಣಿಗೆಯ ದೋಷವೆಂದು ಶಾಲೆಯಲ್ಲಿ ಕಲಿತದ್ದನ್ನು ಅವರು ಮರೆತಿರುವುದಿಲ್ಲ. ಒಮ್ಮೆ ನೀರು ಬಂತು, ಒಮ್ಮೆ ನೀರೇರಿತು, ಇನ್ನೊಮ್ಮೆ ಜಲವುಕ್ಕಿತು ಎಂದು ಬಣ್ಣ ಬದಲಿಸುತ್ತಾರೆ. ಆಗ ಸಾಲು ಅದೇ ಸಾಲಾಗಿ ಉಳಿಯುವುದಿಲ್ಲ, ಅದೇ ಅಲ್ಲವಾದರೆ ಅದರ ಅರ್ಥ ಬದಲಾಯಿತೆಂದು ತಿಳಿಯುವುದು ಹೇಗೆ? ಹಾಡುವವರು ದನಿಯಲ್ಲೇ ಅಳು ತುಂಬಿದರೂ ಹೀಗೇ ಆಗುತ್ತದೆ. ಮೊದಲ ಮೆಟ್ಟಿಲಿನಲ್ಲೇ ಗಾಯಕಿ ಬಿಕ್ಕಿದರೆ ಕೇಳುಗ ತಾನಾಗಿ ಕಂಡುಕೊಳ್ಳಲು ಏನೂ ಉಳಿಯುವುದಿಲ್ಲ.

ಸರಿಯಾಗಿ ಹಾಡಿದ್ದಾರೋ ಇಲ್ಲವೋ ಎಂದು ನೋಡಲು ಒಂದು ಸರಳ ಪರೀಕ್ಷೆ ಉಂಟು. ಮುಂದಿನ ನುಡಿಯನ್ನು ಕೈಯಿಂದ ಮುಚ್ಚಿ. ಅಲ್ಲಿ ಏನಿದೆ ಎಂದು ನಿಮಗೆ ಅಕ್ಷರಶಃ ಗೊತ್ತಿದ್ದು, ಕೈ ತೆಗೆಯಲು ಮನಸ್ಸು ಬಾರದಿದ್ದರೆ ಹಾಡು ತನ್ನ ಕೆಲಸ ಮಾಡಿದೆ. ಏನಿದೆ ಎಂದು ಗೊತ್ತಿದ್ದು ಬೇಸರವಷ್ಟೇ ಆದರೆ ಅದು ಬರೀ ಪುನರುಕ್ತಿ.

ಕೆರೆ ತುಂಬಿದ ಮೇಲೂ ‘ಕೆರೆಗೆ ಹಾರ’ ಮುಗಿಯುವುದಿಲ್ಲ. ಆಮೇಲಿನ ಭಾಗವನ್ನು ಬಿಟ್ಟುಬಿಡುವವರು ಹೆಚ್ಚು, ನನಗೆ ಅದೇ ಹೆಚ್ಚು ಕಾಡುತ್ತದೆ. ದಂಡಿನಲ್ಲಿದ್ದ ಮಾದೇವರಾಯನಿಗೆ ಕೆಟ್ಟ ಕನಸು ಬೀಳುತ್ತದೆ. ಕುದುರೆ ಏರಿ ಬಂದವನು ಮನೆಯಲ್ಲಿ ಹೆಂಡತಿ ಎಲ್ಲಿ ಎಂದು ಕೇಳುತ್ತಾನೆ. ತವರಿಗೆ ಹೋಗಿದ್ದಾಳೆ ಎನ್ನುತ್ತಾರೆ. ಅವನು ತವರಿಗೆ ಹೋಗುತ್ತಾನೆ, ಅದೇ ಪ್ರಶ್ನೆ ಕೇಳುತ್ತಾನೆ. ಗೆಳತಿಯ ಮನೆಗೆ ಹೋಗಿದ್ದಾಳೆ ಎನ್ನುತ್ತಾರೆ. ಹಾಡಿನ ಮೊದಲ ಭಾಗದಲ್ಲಿ ಭಾಗೀರಥಿ ನಡೆದ ದಾರಿಯೇ ಇದು, ಅದೇ ಬಾಗಿಲುಗಳು, ಅದೇ ಸರದಿ. ಆಗ ಬಾಗಿಲಲ್ಲಿ ನಿಂತವಳು ಸುಳ್ಳು ಹೇಳಿದ್ದಳು, ಒಳಗಿದ್ದವರು ಅವಳನ್ನು ಸಂತೈಸಿದ್ದರು. ಈಗ ಒಳಗಿದ್ದವರು ಸುಳ್ಳು ಹೇಳುತ್ತಾರೆ, ಬಾಗಿಲಲ್ಲಿ ನಿಂತವನು ಪ್ರತಿ ಸಲವೂ ಒಂದಿಷ್ಟು ಆಸೆ ಹೊತ್ತು ಮುಂದೆ ಹೋಗುತ್ತಾನೆ. ಹೆಂಡತಿ ಮುಂದಿನ ಮನೆಯಲ್ಲಿದ್ದಾಳೆ ಎಂಬುದು ಅವನಿಗೆ ಸಮಾಧಾನದ ಮಾತೇ. ಆ ದಾರಿಯ ಕೊನೆಯಲ್ಲಿ ಯಾವ ಮನೆ ಇದೆ, ಅಲ್ಲಿ ಯಾರಿದ್ದಾರೆ, ಅವಳು ಎಂಥವಳು ಎಂಬುದು ನಮಗೆ ಗೊತ್ತು. ಆ ಊರಿನಲ್ಲಿ ನಿಜ ಕೇಳಿದವಳು ಅವಳೊಬ್ಬಳೇ. ಅವನು ಬಾಗಿಲು ತಟ್ಟುತ್ತಾನೆ, ಅದೇ ಪ್ರಶ್ನೆ ಕೇಳುತ್ತಾನೆ. ಗೆಳತಿ ಹೇಳಿಬಿಡುತ್ತಾಳೆ. ಮಾದೇವರಾಯ ಕುದುರೆಯನ್ನು ಕೆರೆಯ ಕಡೆಗೆ ತಿರುಗಿಸುತ್ತಾನೆ.